ಒಂದು ಕುಡಿಕೆ ಅಸ್ಥಿ, ಹರಿಯುವ ನೀರು

ಕೊಡಗಿನಲ್ಲಿ ಹುಟ್ಟಿ ಪೂರ್ವದ ಕಡಲಿಗೆ ಹೋಗುವ ಕಾವೇರಿ, ಶ್ರೀರಂಗಪಟ್ಟಣದ ಬಳಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ. ಆ ತಿರುವಿಗೇ ಪಶ್ಚಿಮವಾಹಿನಿ ಎಂದು ಹೆಸರು. ಹಳೇ ಮೈಸೂರು ಸೀಮೆಯ ಎಷ್ಟೋ ಮನೆತನಗಳ ಹಿರಿಯರ ಅಸ್ಥಿ ಸೇರಿರುವುದು ಇಲ್ಲಿಗೆ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಈ ನೀರಿನಲ್ಲೇ ಬಿಟ್ಟರು. ಮೈಸೂರು, ಮಂಡ್ಯ, ಬೆಂಗಳೂರಿನಿಂದ ಬಿಳಿ ಬಟ್ಟೆ ಕಟ್ಟಿದ ಕುಡಿಕೆ ಹಿಡಿದು ಇಲ್ಲಿಗೆ ಬರುವ ಮನೆಯವರು ಇವತ್ತಿಗೂ ಕಡಿಮೆಯಾಗಿಲ್ಲ. ಇನ್ನು ಕೆಲವರು ಊರಿನ ಇನ್ನೊಂದು ತುದಿಯಲ್ಲಿರುವ ಸಂಗಮಕ್ಕೋ ಗೋಸಾಯಿ ಘಾಟಿಗೋ ಹೋಗುತ್ತಾರೆ. ತಿರುಮಕೂಡಲು ನರಸೀಪುರ, ಭಾಗಮಂಡಲ, ಕೂಡಲಿ, ಗೋಕರ್ಣ ಹೀಗೆ ಒಂದೊಂದು ಸೀಮೆಗೆ ಒಂದೊಂದು ಕ್ಷೇತ್ರವಿದೆ.

ಹೀಗೆ ಬರುವ ಬಹಳ ಮನೆಗಳಿಗೆ ಇದು ಮೊದಲ ಅನುಭವ. ಎಷ್ಟನೇ ದಿನ ಬಿಡಬೇಕು, ಅಲ್ಲಿಯವರೆಗೆ ಕುಡಿಕೆ ಎಲ್ಲಿಡಬೇಕು, ಯಾರ ಅಪ್ಪಣೆ ಬೇಕು, ಏನೇನು ತರಬೇಕು ಎಂದು ಹೇಳಬೇಕಾದ ಹಿರಿಯರೇ ಹೋಗಿಬಿಟ್ಟಿರುತ್ತಾರೆ. ದುಃಖದ ಹೊತ್ತಿನಲ್ಲಿ ಹತ್ತು ಜನ ಹತ್ತು ಮಾತು ಹೇಳುತ್ತಾರೆ, ಸಾಮಾನಿನ ಪಟ್ಟಿ ಬೆಳೆಯುತ್ತದೆ, ಜೊತೆಗೆ ಭಯವೂ ಬೆಳೆಯುತ್ತದೆ. ಈ ಕರ್ಮವನ್ನು ಬಿಡಿಸಿ ನೋಡಿದರೆ ಅದು ಕೇಳುವುದು ಬಹಳ ಸ್ವಲ್ಪ: ಆಯ್ದ ಕೆಲವು ಎಲುಬಿನ ತುಂಡು, ಮಣ್ಣಿನ ಪಾತ್ರೆ, ಹಾಲು, ಎಳ್ಳು, ಹರಿಯುವ ನೀರು. ಉಳಿದದ್ದರಲ್ಲಿ ಹೆಚ್ಚಿನದು ನಾವೇ ಸೇರಿಸಿಕೊಂಡದ್ದು.

ಆಯುವುದು: ಸಂಚಯನ

ಅಸ್ಥಿ ಬಿಡುವ ಮೊದಲು ಅದನ್ನು ಆಯಬೇಕು. ಪುರೋಹಿತರು ಇದನ್ನು ಅಸ್ಥಿ ಸಂಚಯನ ಎನ್ನುತ್ತಾರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೂರನೇ ದಿನದ ಹಾಲು ತುಪ್ಪದ ಶಾಸ್ತ್ರದ ಹೊತ್ತಿಗೇ ಈ ಕೆಲಸವೂ ನಡೆದುಹೋಗುತ್ತದೆ. ಹೂಳುವ ಪದ್ಧತಿಯಿರುವ ಲಿಂಗಾಯತರಂಥ ಸಮುದಾಯಗಳಲ್ಲಿ ಅಸ್ಥಿಯ ಪ್ರಶ್ನೆಯೇ ಬರುವುದಿಲ್ಲ.

ಆಶ್ವಲಾಯನ ಗೃಹ್ಯಸೂತ್ರದಲ್ಲಿ ಇದರ ವಿಧಾನವಿದೆ. ಹಾಲು ಬೆರೆಸಿದ ನೀರನ್ನು ಬನ್ನಿಯ ಕೊಂಬೆಯಿಂದ ಚಿತೆಯ ಮೇಲೆ ಚಿಮುಕಿಸುತ್ತ ಅಪ್ರದಕ್ಷಿಣವಾಗಿ ಮೂರು ಸುತ್ತು ಬರಬೇಕು. ಆಮೇಲೆ ಹೆಬ್ಬೆರಳು ಮತ್ತು ಉಂಗುರದ ಬೆರಳಿನಿಂದ, ಒಂದಕ್ಕೊಂದು ತಾಗಿ ಸದ್ದಾಗದಂತೆ, ಒಂದೊಂದೇ ಎಲುಬನ್ನು ಎತ್ತಿ ಪಾತ್ರೆಗೆ ಹಾಕಬೇಕು. ಮೊದಲು ಪಾದದ್ದು, ಕೊನೆಗೆ ತಲೆಯದ್ದು. ಹೀಗೆ ಮಾಡಿದರೆ ಕುಡಿಕೆಯೊಳಗೆ ತಲೆಯ ಭಾಗ ಮೇಲೆ ಬರುತ್ತದೆ. ಕಾಲು, ಮಂಡಿ, ಸೊಂಟ, ಪಕ್ಕೆಲುಬು, ಕೈ, ಕುತ್ತಿಗೆ, ತಲೆ ಎಂದು ಇವತ್ತು ಚಿತಾಗಾರದ ಸಿಬ್ಬಂದಿ ತೋರಿಸಿ ಹೇಳುವುದೂ ಇದೇ ಕ್ರಮವನ್ನು. ಪ್ರತಿ ಭಾಗದಿಂದ ಒಂದೆರಡು ಚೂರು ಸಾಕು.

ಚಿತೆಯನ್ನು ತಣಿಸಲು ಹಾಲು ನೀರು ಹಾಕುವುದರಲ್ಲಿ ಶಾಸ್ತ್ರದ ಜೊತೆ ಅನುಕೂಲವೂ ಇದೆ. ಒದ್ದೆಯಾದ ಬೂದಿ ಹಾರುವುದಿಲ್ಲ, ಎಲುಬಿನ ಬಿಳಿ ತುಂಡುಗಳು ಇದ್ದಿಲಿನ ನಡುವೆ ಎದ್ದು ಕಾಣುತ್ತವೆ. ಸೌದೆಯ ಬೂದಿ ಕ್ಷಾರ ಗುಣದ್ದು, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಆದ್ದರಿಂದ ಒಣ ಬೂದಿಯನ್ನು ಗಾಳಿಯಲ್ಲಿ ಕೆದಕಬಾರದು. ಹೊರಗೆ ಬೆಳ್ಳಗೆ ಆರಿದಂತೆ ಕಂಡರೂ ಸೌದೆ ಚಿತೆಯ ಒಳಗೆ ಮರುದಿನವೂ ಕೆಂಡ ಇರಬಹುದು. ಕಡ್ಡಿಯಿಂದ ಸರಿಸಿ, ಶಾಖ ನೋಡಿ, ಆಮೇಲೆ ಕೈ ಹಾಕಬೇಕು.

ವಿದ್ಯುತ್ ಚಿತಾಗಾರದಲ್ಲಿ ಸೌದೆಯ ಬೂದಿ ಬೆರೆಯುವುದಿಲ್ಲ. ಅಲ್ಲಿ ಉಳಿಯುವುದು ಹೆಚ್ಚುಕಡಿಮೆ ಎಲುಬು ಮಾತ್ರ. ವಯಸ್ಕರದ್ದಾದರೆ ಸುಮಾರು ಎರಡರಿಂದ ಮೂರು ಕಿಲೋ. ಅಷ್ಟನ್ನೂ ತೆಗೆದುಕೊಂಡು ಹೋಗಲೇಬೇಕೆಂಬ ನಿಯಮವಿಲ್ಲ. ನೀವು ಆಯ್ದುಕೊಂಡ ಮೇಲೆ ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಸಿಬ್ಬಂದಿಯನ್ನು ಕೇಳಿ ತಿಳಿದುಕೊಂಡರೆ ಆಮೇಲೆ ಮನಸ್ಸಿಗೆ ಕೊರಗು ಉಳಿಯುವುದಿಲ್ಲ. ಹಳ್ಳಿಗಳಲ್ಲಿ ಚಿತೆಯ ಜಾಗದ ಬೂದಿಯನ್ನು ಅಲ್ಲೇ ಒಟ್ಟುಮಾಡಿ ಹಾಲೆರೆಯುತ್ತಾರೆ. ಕೆಲವು ಕಡೆ ಅದರ ಮೇಲೆ ನವಧಾನ್ಯ ಚೆಲ್ಲುವುದೂ ಉಂಟು.

ಆಯುವಾಗ ಇನ್ನೊಂದನ್ನು ಗಮನಿಸಬೇಕು. ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರಾದರೆ ಬೂದಿಯಲ್ಲಿ ಲೋಹದ ಕೀಲು, ಪ್ಲೇಟು, ಸ್ಕ್ರೂ ಸಿಗುತ್ತವೆ. ಅವು ಅಸ್ಥಿಯಲ್ಲ, ನದಿಗೂ ಸೇರಬಾರದು. ಬೇರೆ ತೆಗೆದು ಸಿಬ್ಬಂದಿಗೆ ಒಪ್ಪಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ದಹನಕ್ಕೆ ಮೊದಲೇ ತೆಗೆಸಬೇಕು. ಬೆಂಕಿಯ ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ.

ದಿನದ ಲೆಕ್ಕ

ಸಂಚಯನವನ್ನು ದಹನದ ಮರುದಿನ, ಮೂರನೇ ದಿನ, ಐದು, ಏಳು ಅಥವಾ ಒಂಬತ್ತನೇ ದಿನ ಮಾಡುವ ರೂಢಿಯಿದೆ. ಮನೆಮನೆಗೆ, ಮಠಮಠಕ್ಕೆ ವ್ಯತ್ಯಾಸವಿದೆ. ವಿಸರ್ಜನೆ ಹತ್ತು ದಿನದೊಳಗೆ ಆದರೆ ಉತ್ತಮ ಎನ್ನುವುದರಲ್ಲಿ ಮಾತ್ರ ಹೆಚ್ಚಿನವರು ಒಪ್ಪುತ್ತಾರೆ. ಹತ್ತು ದಿನದೊಳಗೆ ಬಿಟ್ಟರೆ ಮುಹೂರ್ತ ನೋಡಬೇಕಾಗಿಲ್ಲ. ಅದು ದಾಟಿದರೆ ಕೆಲವು ಪುರೋಹಿತರು ಅಧಿಕ ಮಾಸ ಮತ್ತು ಗುರು ಶುಕ್ರರ ಅಸ್ತವನ್ನು ಬಿಟ್ಟು ಬೇರೆ ದಿನ ಗೊತ್ತು ಮಾಡುತ್ತಾರೆ. ತಡವಾಯಿತೆಂದು ಕರ್ಮ ಕೆಡುವುದಿಲ್ಲ, ದಿನ ಆರಿಸುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ ಅಷ್ಟೆ.

ಎಡವಟ್ಟಾಗುವುದು ಎಣಿಕೆಯಲ್ಲಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಜಯನಗರದ ಒಂದು ಮನೆಯಲ್ಲಿ ತಂದೆ ಸೋಮವಾರ ಬೆಳಗಿನ ಜಾವ 2 ಗಂಟೆಗೆ ತೀರಿಕೊಂಡರು ಎನ್ನೋಣ. ಮರಣ ಪ್ರಮಾಣಪತ್ರದಲ್ಲಿ ಸೋಮವಾರದ ತಾರೀಖೇ ಬರುತ್ತದೆ. ಪಂಚಾಂಗದಲ್ಲಾದರೋ ದಿನ ಶುರುವಾಗುವುದು ಸೂರ್ಯೋದಯಕ್ಕೆ. ರಾತ್ರಿಯ ಸಾವನ್ನು ಯಾವ ದಿನಕ್ಕೆ ಸೇರಿಸಬೇಕು ಎಂಬುದಕ್ಕೆ ಮೂರು ಸಂಪ್ರದಾಯಗಳಿವೆ. ಸೂರ್ಯೋದಯದವರೆಗೂ ಹಿಂದಿನ ದಿನವೇ ಎನ್ನುವುದು ಒಂದು. ರಾತ್ರಿಯನ್ನು ಮೂರು ಪಾಲು ಮಾಡಿ ಮೊದಲ ಎರಡು ಪಾಲು ಹಿಂದಿನ ದಿನಕ್ಕೆ ಎನ್ನುವುದು ಇನ್ನೊಂದು. ನಡುರಾತ್ರಿಯೇ ಗಡಿ ಎನ್ನುವುದು ಮೂರನೆಯದು. ಸಂಜೆ ಆರೂವರೆಯಿಂದ ಬೆಳಿಗ್ಗೆ ಆರೂವರೆಯವರೆಗೆ ಹನ್ನೆರಡು ಗಂಟೆ ರಾತ್ರಿ ಎಂದು ಹಿಡಿದರೆ ಎರಡು ಪಾಲು ಮುಗಿಯುವುದು ಎರಡೂವರೆಗೆ. ಹಾಗಾಗಿ ಮೊದಲ ಎರಡು ಸಂಪ್ರದಾಯದವರಿಗೆ ಈ ಸಾವು ಭಾನುವಾರದ್ದು, ಮೂರನೆಯವರಿಗೆ ಸೋಮವಾರದ್ದು.

ಭಾನುವಾರದಿಂದ ಎಣಿಸಿದರೆ ಹತ್ತನೇ ದಿನ ಮುಂದಿನ ವಾರದ ಮಂಗಳವಾರ, ಹನ್ನೊಂದನೆಯದು ಬುಧವಾರ. ಸೋಮವಾರದಿಂದಾದರೆ ಎಲ್ಲವೂ ಒಂದು ದಿನ ಮುಂದಕ್ಕೆ ಹೋಗುತ್ತದೆ. ಹನ್ನೊಂದರ ದಿನಕ್ಕೆ ಅಡುಗೆಯವರು, ಪುರೋಹಿತರು, ನೆಂಟರು ಎಲ್ಲರಿಗೂ ಹೇಳಬೇಕಾಗಿರುವುದರಿಂದ ಈ ಒಂದು ದಿನದ ಗೊಂದಲ ದೊಡ್ಡದಾಗುತ್ತದೆ. ಯಾರಿಗೇ ದಿನ ಹೇಳುವ ಮೊದಲು ಪುರೋಹಿತರಿಗೆ ಸಾವಿನ ಗಂಟೆ ನಿಮಿಷ ತಿಳಿಸಿ, ನಿಮ್ಮ ಮನೆತನದಲ್ಲಿ ಹಿಂದೆ ಹೇಗೆ ಎಣಿಸಿದ್ದರು ಎಂದು ದಾಯಾದಿಗಳನ್ನು ಕೇಳಿ, ಮೊದಲ ದಿನ ಯಾವುದೆಂದು ಬರೆದಿಟ್ಟುಕೊಳ್ಳಬೇಕು.

ಈ ಮನೆಯಲ್ಲಿ ಭಾನುವಾರದ ಲೆಕ್ಕವೇ ಗೊತ್ತಾಯಿತು. ಸೋಮವಾರ ಮಧ್ಯಾಹ್ನ ವಿದ್ಯುತ್ ಚಿತಾಗಾರದಲ್ಲಿ ದಹನ. ಹಿರಿಯ ಮಗ ಅಮೆರಿಕದಿಂದ ಬಂದು ಇಳಿಯುವುದು ಬುಧವಾರ ರಾತ್ರಿ. ಕಿರಿಯ ಮಗ ಮಂಗಳವಾರ ಬೆಳಿಗ್ಗೆ ಹೋಗಿ ಅಸ್ಥಿ ಆಯ್ದು ಕುಡಿಕೆಗೆ ತುಂಬಿದ. ಅದು ಮೂರನೇ ದಿನ. ಗುರುವಾರ, ಅಂದರೆ ಐದನೇ ದಿನ, ಅಣ್ಣತಮ್ಮಂದಿರಿಬ್ಬರೂ ಶ್ರೀರಂಗಪಟ್ಟಣಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಎರಡೂ ಬೆಸ ದಿನ, ಎರಡೂ ಹತ್ತು ದಿನದೊಳಗೆ. ಅಲ್ಲಿಯವರೆಗೆ ಕುಡಿಕೆಯನ್ನು ಮನೆಯೊಳಗೆ ತರುವುದಿಲ್ಲ. ಹಳ್ಳಿಯಾದರೆ ಶ್ಮಶಾನದ ಮರಕ್ಕೆ ಕಟ್ಟುತ್ತಾರೆ. ಊರಿನ ಚಿತಾಗಾರಗಳಲ್ಲಿ ಕುಡಿಕೆ ಇಡಲು ಜಾಗವಿದ್ದರೆ ಹೆಸರು ಬರೆದು ಅಲ್ಲೇ ಇಡಬಹುದು. ಹಾಗೆ ಇಡುವಾಗ ಹೆಸರಿನ ಚೀಟಿಯನ್ನು ಬಟ್ಟೆಯ ಗಂಟಿಗೇ ಭದ್ರವಾಗಿ ಕಟ್ಟಬೇಕು. ಒಂದೇ ಬಗೆಯ ಬಿಳಿ ಬಟ್ಟೆಯ ಕುಡಿಕೆಗಳು ಸಾಲಾಗಿದ್ದಾಗ ನಮ್ಮದು ಯಾವುದೆಂದು ನೆನಪಿನಿಂದ ಹೇಳಲಾಗದು.

ಹಾಗೇ ಇಟ್ಟು ಯಾರೂ ಬಾರದೆ ಉಳಿಯುವ ಅಸ್ಥಿಯೂ ಇರುತ್ತದೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ವಾರಸುದಾರರು ಬಾರದೆ ನೂರಾರು ಕುಡಿಕೆಗಳು ಉಳಿದಿದ್ದವು. 2021ರ ಜೂನ್‌ನಲ್ಲಿ ಸರ್ಕಾರವೇ ಅವನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಒಯ್ದು ಕಾವೇರಿಯಲ್ಲಿ ವಿಧಿಪೂರ್ವಕ ಬಿಟ್ಟಿತು. ಕರ್ತೃ ಬರಲಾಗದಿದ್ದಾಗ ಮತ್ತೊಬ್ಬರು ಬಿಟ್ಟರೂ ಸಲ್ಲುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಮಗನಿಲ್ಲದ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಗ, ತಮ್ಮ ಯಾರಾದರೂ ಇದನ್ನು ಮಾಡುವುದು ಇಂದು ಅಪರೂಪವಲ್ಲ.

ಕಾಗದ ಮತ್ತು ಅಪ್ಪಣೆ

ಕಾವೇರಿ ದಂಡೆಯಲ್ಲಿ ಅಸ್ಥಿ ಬಿಡುವವರನ್ನು ಸಾಮಾನ್ಯವಾಗಿ ಯಾರೂ ಪರವಾನಗಿ ಕೇಳುವುದಿಲ್ಲ. ಅಪ್ಪಣೆಯ ಮಾತು ಬರುವುದು ನದಿ ತುಂಬಿದಾಗ. ಶ್ರೀರಂಗಪಟ್ಟಣದ ಮೇಲ್ಗಡೆ ಕೆಲವೇ ಕಿಲೋಮೀಟರು ದೂರದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿದೆ. ಮುಂಗಾರಿನಲ್ಲಿ ಕೆಆರ್‌ಎಸ್ ತುಂಬಿ ಗೇಟು ತೆರೆದರೆ ಪಶ್ಚಿಮವಾಹಿನಿ, ಸಂಗಮ, ಗೋಸಾಯಿ ಘಾಟಿನ ಮೆಟ್ಟಿಲುಗಳು ಮುಳುಗುತ್ತವೆ. ಆಗ ತಾಲ್ಲೂಕು ಆಡಳಿತ ಮತ್ತು ಪೊಲೀಸರು ನದಿಗೆ ಇಳಿಯುವುದನ್ನೂ ಪಿಂಡ ಪ್ರದಾನವನ್ನೂ ನಿಲ್ಲಿಸುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮುನ್ನ ಹಿಂದಿನ ಸಂಜೆ ಅಲ್ಲಿಯ ಪುರೋಹಿತರಿಗೆ ಫೋನು ಮಾಡಿ ನೀರು ಎಷ್ಟಿದೆ, ಬಿಡುತ್ತಿದ್ದಾರೆಯೇ ಎಂದು ಕೇಳಬೇಕು. ನಿರ್ಬಂಧವಿದ್ದರೆ ಹತ್ತು ದಿನದ ಆತುರಕ್ಕೆ ಬೇಲಿ ದಾಟುವುದು ಸಲ್ಲದು. ಬೇರೆ ಕ್ಷೇತ್ರಕ್ಕೆ ಹೋಗಬಹುದು, ಕಾಯಲೂಬಹುದು.

ಚಿತಾಗಾರದಲ್ಲಿ ಕೊಡುವ ದಹನದ ರಸೀದಿಯನ್ನು ಮಾತ್ರ ಕಳೆಯಬಾರದು. ಅಸ್ಥಿ ಪಡೆಯಲು ಬೇಕಾಗುವುದೂ ಅದೇ. ವಿಮಾನದಲ್ಲಿ ಕಾಶಿಗೋ ಗಯೆಗೋ ಒಯ್ಯುವವರು ದಹನದ ಪ್ರಮಾಣಪತ್ರ ಮತ್ತು ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿಟ್ಟುಕೊಂಡು, ಕೈಚೀಲದಲ್ಲಿ ಒಯ್ಯಬಹುದೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಬೇಕು. ಕುಡಿಕೆ ತಪಾಸಣೆಯ ಎಕ್ಸ್‌ರೇಯಲ್ಲಿ ಹಾದುಹೋಗಬೇಕು. ಲೋಹದ ಪಾತ್ರೆಯೊಳಗೆ ಏನಿದೆ ಎಂದು ಯಂತ್ರಕ್ಕೆ ಕಾಣುವುದಿಲ್ಲ, ಆದ್ದರಿಂದ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಡಬ್ಬಿ ಒಳ್ಳೆಯದು. ದಂಡೆಗೆ ಬಂದ ಮೇಲೆ ಮಣ್ಣಿನ ಕುಡಿಕೆಗೆ ಬದಲಾಯಿಸಿಕೊಂಡರಾಯಿತು.

ವಿದೇಶದಲ್ಲಿ ತೀರಿಕೊಂಡವರ ಅಸ್ಥಿಯನ್ನು ಊರಿಗೆ ತರುವುದಾದರೆ ಅಲ್ಲಿಯ ಮರಣ ಪ್ರಮಾಣಪತ್ರ ಮತ್ತು ದಹನದ ಪ್ರಮಾಣಪತ್ರದೊಂದಿಗೆ ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಪಡೆಯಬೇಕು. ತೀರಿಕೊಂಡವರ ಭಾರತೀಯ ಪಾಸ್‌ಪೋರ್ಟನ್ನು ರದ್ದು ಮಾಡಿಸುವುದೂ ಅದೇ ಕಚೇರಿಯಲ್ಲಿ. ಅಲ್ಲಿ ಎಲುಬನ್ನು ಯಂತ್ರದಲ್ಲಿ ಪುಡಿ ಮಾಡಿ ಕೊಡುವುದರಿಂದ ಪಾದದಿಂದ ತಲೆಯವರೆಗೆ ಆಯುವ ಸಂಚಯನ ಸಾಧ್ಯವಾಗುವುದಿಲ್ಲ. ಪುಡಿಯ ಮೇಲೆಯೇ ಹಾಲು ನೀರು ಪ್ರೋಕ್ಷಿಸಿ ಪುರೋಹಿತರು ಮುಂದುವರಿಸುತ್ತಾರೆ. ಪುಡಿ ಗಾಳಿಗೆ ಬೇಗ ಹಾರುತ್ತದೆ, ಅದನ್ನು ತೋಯಿಸದೆ ಬಿಡಲೇಬಾರದು.

ದಂಡೆಯ ಮೇಲೆ

ಮತ್ತೆ ಆ ಜಯನಗರದ ಅಣ್ಣತಮ್ಮಂದಿರ ಕಡೆ ಬರೋಣ. ಗುರುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟೂವರೆ ಒಂಬತ್ತಕ್ಕೆ ದಂಡೆಯಲ್ಲಿರುತ್ತಾರೆ. ಈ ಕರ್ಮವನ್ನು ಹಗಲಲ್ಲೇ, ಅದರಲ್ಲೂ ಮಧ್ಯಾಹ್ನದೊಳಗೆ ಮುಗಿಸುವುದು ವಾಡಿಕೆ. ಅವರ ಚೀಲದಲ್ಲಿರಬೇಕಾದದ್ದು ಇಷ್ಟು: ಅರ್ಧ ಲೀಟರು ಹಾಲು, ಸ್ವಲ್ಪ ತುಪ್ಪ, ಜೇನುತುಪ್ಪ, ಒಂದು ಹಿಡಿ ಕಪ್ಪು ಎಳ್ಳು, ದರ್ಭೆ, ಬಿಡಿ ಹೂವು, ಇಬ್ಬರಿಗೂ ಬದಲಾಯಿಸಲು ಬಟ್ಟೆ. ಪಂಚಗವ್ಯವನ್ನು ಪುರೋಹಿತರೇ ತರುತ್ತಾರೆ. ಅಸ್ಥಿಯೊಡನೆ ಒಂದು ಚೂರು ಚಿನ್ನ ಹಾಕಬೇಕೆಂದು ಧರ್ಮಶಾಸ್ತ್ರದ ಗ್ರಂಥಗಳಲ್ಲಿದೆ. ಶಕ್ತಿಯಿದ್ದವರು ಗುಲಗಂಜಿಗಿಂತ ಚಿಕ್ಕ ಚೂರು ಹಾಕುತ್ತಾರೆ, ಎಷ್ಟೋ ಜನ ಹಾಕುವುದಿಲ್ಲ.

ದಕ್ಷಿಣೆ ಎಷ್ಟು, ಅದರಲ್ಲಿ ಸಾಮಾನು ಸೇರಿದೆಯೇ, ಪಿಂಡದ ಕರ್ಮವೂ ಇದೆಯೇ ಅಥವಾ ವಿಸರ್ಜನೆ ಮಾತ್ರವೇ ಎಂಬ ಮೂರು ಮಾತನ್ನು ಕೂರುವ ಮೊದಲೇ ಪುರೋಹಿತರ ಬಳಿ ತೀರ್ಮಾನಿಸಿಕೊಳ್ಳಬೇಕು. ಮಂತ್ರ ಶುರುವಾದ ಮೇಲೆ ಯಾರಿಗೂ ಚೌಕಾಸಿ ಮಾಡುವ ಮನಸ್ಸಿರುವುದಿಲ್ಲ, ಹಾಗೆ ಮಾಡುವುದು ಚೆನ್ನಾಗಿಯೂ ಕಾಣದು.

ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕರ್ತೃ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಾನೆ. ಜನಿವಾರ ಇರುವವರು ಅದನ್ನು ಬಲಭುಜಕ್ಕೆ ಬದಲಾಯಿಸಿಕೊಳ್ಳುತ್ತಾರೆ. ತೀರಿಕೊಂಡವರ ಹೆಸರು, ಗೋತ್ರ ಹೇಳಿ ಸಂಕಲ್ಪ. ಗೋತ್ರ ಗೊತ್ತಿಲ್ಲದಿದ್ದರೆ ಪುರೋಹಿತರು ಕಾಶ್ಯಪ ಗೋತ್ರವೆಂದು ಹೇಳಿಸುತ್ತಾರೆ. ಕುಡಿಕೆಯ ಬಟ್ಟೆ ಬಿಚ್ಚಿ, ಅಸ್ಥಿಯನ್ನು ಪಂಚಗವ್ಯದಿಂದ ತೊಳೆದು, ಜೇನು, ತುಪ್ಪ, ಎಳ್ಳು ಸೇರಿಸಿ, ಹಾಲೆರೆಯುತ್ತಾರೆ. ಆಮೇಲೆ ದಕ್ಷಿಣ ದಿಕ್ಕಿಗೆ ನೋಡಿ ಧರ್ಮರಾಜನಿಗೆ ನಮಸ್ಕಾರ ಹೇಳಿ, ನೀರಿಗಿಳಿದು ಬಿಡುವುದು. ಮತ್ತೆ ಮುಳುಗು ಹಾಕಿ, ಸೂರ್ಯನನ್ನು ನೋಡಿ, ದಕ್ಷಿಣೆ ಕೊಟ್ಟರೆ ಮುಗಿಯಿತು. ಎಲ್ಲ ಸೇರಿ ಒಂದು ಗಂಟೆಯೊಳಗಿನ ಕೆಲಸ. ಜನಿವಾರ, ಗೋತ್ರದ ಪದ್ಧತಿಯಿಲ್ಲದ ಮನೆಗಳಲ್ಲಿ ಹಾಲು ತುಪ್ಪ ಬಿಟ್ಟು, ಹೂವು ಹಾಕಿ, ಹೆಸರು ಹಿಡಿದು ಕೈಮುಗಿದು ಬಿಡುತ್ತಾರೆ. ಅಲ್ಲಿಗೂ ಕರ್ಮ ಪೂರ್ಣವೇ.

ಬಿಡುವ ಬಗೆಯಲ್ಲಿ ತಪ್ಪುವುದು ಸುಲಭ. ಮೆಟ್ಟಿಲ ಮೇಲೆ ನಿಂತು ಎತ್ತರದಿಂದ ಸುರಿದರೆ ಬೂದಿ ಗಾಳಿಗೆ ಮುಖಕ್ಕೇ ಬರುತ್ತದೆ. ಕುಡಿಕೆಯನ್ನು ಬಟ್ಟೆ ಸಮೇತ ಎಸೆದರೆ ಒಳಗಿನ ಗಾಳಿಯಿಂದ ತೇಲಿ ದಡಕ್ಕೆ ವಾಪಸು ಬಂದು ಮನೆಯವರ ಎದೆ ನಡುಗಿಸುತ್ತದೆ. ಬೇಸಿಗೆಯಲ್ಲಿ ನಿಂತ ನೀರಿಗೆ ಬಿಟ್ಟರೆ ಇದ್ದಿಲಿನ ಪುಡಿ ಮೇಲೆ ಕೆನೆಗಟ್ಟಿ ಅಲ್ಲೇ ಉಳಿಯುತ್ತದೆ. ಒಂದು ಹೂವನ್ನು ಮೊದಲು ಬಿಟ್ಟು ನೋಡಿ. ಅದು ಸರಿದುಹೋದರೆ ಅಲ್ಲಿ ಹರಿವಿದೆ ಎಂದು ಅರ್ಥ. ಮಂಡಿಯವರೆಗಿನ ನೀರಿನಲ್ಲಿ ನಿಂತು, ಹರಿವು ಹೋಗುವ ಕಡೆಗೆ ಕುಡಿಕೆಯ ಬಾಯಿ ತಿರುಗಿಸಿ, ನೀರಿನ ಮಟ್ಟಕ್ಕೇ ಬಗ್ಗಿಸಿ ನಿಧಾನವಾಗಿ ಬಿಡಬೇಕು. ಹಾಲಿನಲ್ಲಿ ತೊಯ್ದ ಎಲುಬು ಕೂಡಲೇ ಮುಳುಗುತ್ತದೆ. ಮುಂದೆ ಹೋಗುವ ಅಗತ್ಯವೇ ಇಲ್ಲ. ಪಾಚಿಗಟ್ಟಿದ ಕಲ್ಲು, ಕಣ್ಣಿಗೆ ಕಾಣದ ಗುಂಡಿ ಎರಡೂ ಅಲ್ಲಿವೆ. ಉಪವಾಸವಿದ್ದು ನಿದ್ದೆಗೆಟ್ಟವರನ್ನು ಒಬ್ಬರೇ ಇಳಿಯಲು ಬಿಡದೆ ಇನ್ನೊಬ್ಬರು ತೋಳು ಹಿಡಿದಿರಬೇಕು.

ನದಿಗೆ ಯಾವುದು, ಮನೆಗೆ ಯಾವುದು

ಸುಟ್ಟ ಎಲುಬಿನಲ್ಲಿ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಎಂಟುನೂರು ಡಿಗ್ರಿಗೂ ಮೀರಿದ ಬೆಂಕಿ ಹಾಯ್ದು ಬಂದ ಅದರಲ್ಲಿ ರೋಗಾಣು ಇರುವುದಿಲ್ಲ. ಅದು ನೀರಿನಲ್ಲಿ ಹೆಚ್ಚಾಗಿ ಕರಗುವುದೂ ಇಲ್ಲ. ತಳಕ್ಕೆ ಇಳಿದು, ಕಲ್ಲು ಮರಳಿನ ಜೊತೆ ಉಜ್ಜಿ ನಿಧಾನವಾಗಿ ಸವೆಯುತ್ತದೆ. ಹಾಗಾಗಿಯೇ ಆಯ್ದ ಹಿಡಿಯಷ್ಟನ್ನು ಹರಿವಿಗೆ ಬಿಡುವುದಕ್ಕೂ ಮೂಟೆಗಟ್ಟಲೆ ಬೂದಿಯನ್ನು ಒಂದೇ ಮೆಟ್ಟಿಲಿನ ಬಳಿ ಸುರಿಯುವುದಕ್ಕೂ ವ್ಯತ್ಯಾಸವಿದೆ.

ಘಾಟುಗಳನ್ನು ಹಾಳು ಮಾಡುತ್ತಿರುವುದು ಅಸ್ಥಿಯ ಜೊತೆಗೆ ಹೋಗುವ ವಸ್ತುಗಳು. ತೀರಿಕೊಂಡವರ ಬಟ್ಟೆ, ಹಾಸಿಗೆ, ಗಾಜು ಹಾಕಿದ ಫೋಟೊ, ಔಷಧಿ, ಪ್ಲಾಸ್ಟಿಕ್ ಚೀಲ, ನಾರು ಕಟ್ಟಿದ ಹಾರ ಎಲ್ಲವನ್ನೂ ನೀರಿಗೆ ಹಾಕಬೇಕೆಂಬ ನಂಬಿಕೆ ಹೇಗೋ ಬೆಳೆದುಬಂದಿದೆ. ಅಸ್ಥಿ ವಿಸರ್ಜನೆಯ ವಿಧಿಯಲ್ಲಿ ಇವುಗಳಿಗೆ ಜಾಗವೇ ಇಲ್ಲ. ಬಟ್ಟೆಯನ್ನು ಕಳೆದುಕೊಳ್ಳಲೇಬೇಕೆಂದಿದ್ದರೆ ಒಗೆದು ಬೇಕಾದವರಿಗೆ ಕೊಡಬಹುದು. ನೀರಿನಲ್ಲಿ ಬಟ್ಟೆ ಕಲ್ಲಿಗೆ ಸುತ್ತಿಕೊಂಡು, ಸ್ನಾನಕ್ಕೆ ಇಳಿದವರ ಕಾಲಿಗೆ ತೊಡರುತ್ತದೆ. ಅನ್ನದ ಪಿಂಡ ಒಂದೆರಡಾದರೆ ಮೀನಿಗೆ ಆಹಾರ. ದಿನವೂ ನೂರಾರು ಬಿದ್ದರೆ ನಿಂತ ನೀರು ಕೊಳೆಯುತ್ತದೆ. ಇದೇ ನದಿಯ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ.

ಕುಡಿಕೆಯ ಬಾಯಿ ಬಗ್ಗಿಸಿ ಅಸ್ಥಿಯನ್ನಷ್ಟೇ ಬಿಡಿ, ಬಟ್ಟೆಯನ್ನು ಹಿಂಡಿ ವಾಪಸು ತನ್ನಿ, ಖಾಲಿ ಕುಡಿಕೆಯನ್ನು ದಂಡೆಯ ಮೇಲೆ ಗೊತ್ತುಮಾಡಿದ ಜಾಗದಲ್ಲಿಡಿ. ಹಾಲಿನ ಪ್ಯಾಕೆಟ್ಟು, ಎಳ್ಳಿನ ಪೊಟ್ಟಣ, ಊದುಬತ್ತಿಯ ಡಬ್ಬಿ ಎಲ್ಲ ಕಾರಿಗೆ ಹಿಂದಿರುಗಲಿ. ಅದಕ್ಕೊಂದು ಖಾಲಿ ಚೀಲ ಮನೆಯಿಂದಲೇ ತೆಗೆದುಕೊಂಡು ಹೋಗಿ.

ಶ್ರೀರಂಗಪಟ್ಟಣದಿಂದ ಬಂದ ಮೇಲೆ ಮನೆಯವರ ಗಮನವೆಲ್ಲ ಹತ್ತು, ಹನ್ನೊಂದು, ಹದಿಮೂರರ ಕಡೆಗೆ ಹೋಗುತ್ತದೆ. ದಹನದ ರಸೀದಿ ಅಂಗಿಯ ಜೇಬಿನಲ್ಲೇ ಉಳಿಯುತ್ತದೆ. ಸಾವನ್ನು ನೋಂದಾಯಿಸಲು ಕಾನೂನು ಕೊಡುವ ಅವಧಿ 21 ದಿನ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯೇ ತಿಳಿಸುತ್ತದೆ. ಮನೆಯಲ್ಲಿ ತೀರಿಕೊಂಡರೆ ಮನೆಯವರೇ ಹೋಗಿ, ವೈದ್ಯರ ಪತ್ರ ಮತ್ತು ಈ ರಸೀದಿ ಕೊಟ್ಟು ನೋಂದಾಯಿಸಬೇಕು. 21 ದಾಟಿದರೆ ತಡವಾದ ಶುಲ್ಕ, 30 ದಾಟಿದರೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಜಯನಗರದ ಆ ಮನೆಯಲ್ಲಿ ಹದಿಮೂರನೇ ದಿನದ ಸಮಾರಾಧನೆ ಮುಗಿದ ಮೇಲೂ ನೋಂದಣಿಗೆ ಒಂದು ವಾರಕ್ಕಿಂತ ಹೆಚ್ಚು ಸಮಯ ಇರುತ್ತದೆ. ತಾಯಿಯ ಪಿಂಚಣಿ, ಬ್ಯಾಂಕು, ಮನೆಯ ಖಾತೆ ಎಲ್ಲವೂ ಮುಂದೆ ಆ ಒಂದು ಪ್ರಮಾಣಪತ್ರವನ್ನೇ ಕೇಳುತ್ತವೆ. ಅಸ್ಥಿಯ ಕುಡಿಕೆ ಪಡೆದ ದಿನವೇ ರಸೀದಿಯ ಎರಡು ಪ್ರತಿ ತೆಗೆಸಿ, ಒಂದನ್ನು ತಾಯಿಯ ಹತ್ತಿರ ಕೊಟ್ಟಿಡಿ.